ಬಲ ಇಲ್ಲದ ಚಾರ್ಟುಗಳು

ಕಾಕಾರ ಅರ್ಧ ನೋಟ ಹೋಗಿದೆ ಎಂದು ನಮಗೆ ಗೊತ್ತಾದದ್ದು ಷೇರಿನ ಚಾರ್ಟ್ ನೋಡುವಾಗ. ಇದನ್ನು ಯಾರಿಗಾದರೂ ಹೇಳಹೊರಟರೆ ಕೊನೆಯಿಂದಲೇ ಶುರುಮಾಡಿಬಿಡುತ್ತೇನೆ. ಅದಕ್ಕೆ ಆದದ್ದನ್ನು ಆದ ಕ್ರಮದಲ್ಲೇ, ಅವಸರ ಮಾಡದೆ ಬರೆದಿಡುತ್ತಿದ್ದೇನೆ.

ಕಾಕಾ ನನ್ನ ಚಿಕ್ಕಪ್ಪ ಅಲ್ಲ, ಮನೆಯ ಮಾಲೀಕರು. ಬಿಬವೇವಾಡಿಯ ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ ಅವರು ಮತ್ತು ಅವರ ಹೆಂಡತಿ ಕಾಕು, ಎರಡನೆಯ ಮಹಡಿಯಲ್ಲಿ ನಾನು. ಕಾಕಾ ಬಾಗಲಕೋಟೆ ಕಡೆಯಿಂದ ಹರೆಯದಲ್ಲೇ ಪುಣೆಗೆ ಬಂದು, ಮಾರ್ಕೆಟ್ಟಿನಲ್ಲಿ ಸ್ವಿಚ್ಚು, ವೈರು, ಫ್ಯಾನು ಮಾರುವ ಅಂಗಡಿ ನಡೆಸಿ, ಮೊಣಕಾಲು ಸೋತ ಮೇಲೆ ಅಂಗಡಿಯನ್ನು ಬಾಡಿಗೆಗೆ ಕೊಟ್ಟವರು. ನಾನು ತುಮಕೂರಿನವಳು, ಹಡಪಸರದ ಆಫೀಸೊಂದರಲ್ಲಿ ಡೇಟಾ ಕೆಲಸ. ಮನೆ ಕೇಳಿಕೊಂಡು ಬಂದ ದಿನ ನನ್ನ ಹರಕು ಮರಾಠಿಯನ್ನು ಸ್ವಲ್ಪ ಹೊತ್ತು ಸಹಿಸಿಕೊಂಡು, "ಕನ್ನಡದಾಕೀನ ಏನು? ಮತ್ತ ಯಾಕ ಇಷ್ಟ ತ್ರಾಸ ತಗೊಳ್ಳಾಕತ್ತೀ?" ಎಂದಿದ್ದರು. ಆಮೇಲೆ ನಾನು ಕನ್ನಡದಲ್ಲಿ ಮಾತಾಡಿದ್ದು ಕೇಳಿ ಕಾಕುವಿನ ಕಡೆ ತಿರುಗಿ, "ಇವರ ಕಡೆ ಕನ್ನಡ ಉಪ್ಪು ಹಾಕದ ಸಾರು ಇದ್ದಂಗ ನೋಡು" ಎಂದು ನಕ್ಕಿದ್ದರು. ಆ ದಿನದಿಂದ ಅವರು ಕಾಕಾ, ನಾನು ಅವರಿಗೆ ಮಗಳು.

ಅಂಗಡಿ ಬಿಟ್ಟ ಮೇಲೆ ಅವರಿಗೆ ಉಳಿದದ್ದು ಷೇರು. ದೊಡ್ಡ ವ್ಯವಹಾರವಲ್ಲ, ತಮ್ಮದೇ ಉಳಿತಾಯದಲ್ಲಿ ಒಂದಿಷ್ಟು ಕೊಳ್ಳುವುದು, ಕಾಯುವುದು, ಮಾರುವುದು. ಊಟವಾದ ಮೇಲೆ ಕಿಟಕಿಯ ಬಳಿ ಕುಳಿತು ಫೋನಿನಲ್ಲಿ ಒಂದೊಂದೇ ಕಂಪನಿಯ ಚಾರ್ಟ್ ತೆಗೆದು ನೋಡುತ್ತಿದ್ದರು. ನೂರು ನೋಡಿದರೆ ಒಂದು ಮನಸ್ಸಿಗೆ ಬರುತ್ತಿತ್ತು. ಕಾಕುಗೆ ಅದೇ ಸಿಟ್ಟು.

"ಕಣ್ಣು ಹಾಳಾಗಿ ಹೋಗ್ತಾವು ಇವರದು," ಎಂದು ಒಂದು ದಿನ ನನ್ನ ಮುಂದೆ ಲೋಣಾವಳಾದ ಚಿಕ್ಕಿಯ ಡಬ್ಬಿ ಇಡುತ್ತ ಹೇಳಿದರು. "ಅಷ್ಟೆಲ್ಲ ಕಂಪ್ಯೂಟರ್ ಕಲ್ತೀಯಲ್ಲವಾ, ಇವರಿಗೆ ಏನಾರ ಮಾಡಿ ಕೊಡಬಾರದಾ?"

ಷೇರು ಹುಡುಕುವ ನನ್ನ ಪ್ರೋಗ್ರಾಂ, ಸ್ಕ್ಯಾನರ್, ಹುಟ್ಟಿದ್ದು ಹಾಗೆ, ಕಾಕಾರ ಕಣ್ಣು ಉಳಿಸಲಿಕ್ಕೆ.

ನಿಮಗೆ ಬೇಕಾದದ್ದು ಏನು ಎಂದು ಕಾಕಾರನ್ನು ಕೇಳಿದೆ. ಅಂಗಡಿಯಲ್ಲಿ ಗಿರಾಕಿಗೆ ಬಲ್ಬಿನ ವ್ಯತ್ಯಾಸ ಹೇಳುವವರ ಹಾಗೆ ಹೇಳಿದರು. "ಒಂದು, ಷೇರು ವರ್ಷದ ತುದೀಗೆ ಬಂದಿರಬೇಕು. ಐವತ್ತೆರಡು ವಾರದಾಗ ಎಲ್ಲಾಕ್ಕಿಂತ ಮ್ಯಾಲಿನ ದರ ಇರ್ತದಲ್ಲ, ಅದರ ಹತ್ರ. ಯಾಕಂದ್ರ ಅಲ್ಲಿ ಬಂತಂದ್ರ ವರ್ಷದಾಗ ಕೊಂಡಾವ ಯಾವನೂ ಭಾಳ ಲುಕ್ಸಾನದಾಗ ಇರಂಗಿಲ್ಲ. 'ನಂದು ನಂಗ ಬಂದ್ರ ಸಾಕು, ಮಾರಿ ಓಡ್ತೀನಿ' ಅನ್ನೋ ಮಂದಿ ಕಡಿಮಿ. ಎರಡು, ಅವತ್ತು ಮಾರಾಟ ಭಾಳ ಆಗಿರಬೇಕು. ದಿನಾ ಹತ್ತು ಗಿರಾಕಿ ಬರೋ ಅಂಗಡಿಗೆ ಒಮ್ಮೆಲೇ ನಲವತ್ತು ಬಂದ್ರ, ಏನೋ ಅದ ಅಂತ ಅರ್ಥ. ಇಷ್ಟ ಹುಡುಕಿ ಕೊಡು. ಉಳಿದದ್ದು ನಾ ನೋಡ್ಕೋತೀನಿ."

ಬರೆದದ್ದು ಕಷ್ಟದ್ದೇನಲ್ಲ. ಪೇಟೆ ಮುಚ್ಚಿದ ಮೇಲೆ ಸಂಜೆಗೆ ಎಲ್ಲ ಷೇರುಗಳ ಆ ದಿನದ ದರ ಮತ್ತು ಮಾರಾಟದ ಸಂಖ್ಯೆ, ಅಂದರೆ ವಾಲ್ಯೂಮ್, ಇರುವ ಫೈಲು ಸಿಗುತ್ತದೆ. ಒಂದು ವರ್ಷದ ಫೈಲುಗಳನ್ನು ಕೂಡಿಸಿಟ್ಟೆ. ಪ್ರತಿ ಷೇರಿಗೂ ಪ್ರೋಗ್ರಾಂ ಎರಡು ಪ್ರಶ್ನೆ ಕೇಳುತ್ತದೆ: ಇವತ್ತಿನ ಮುಕ್ತಾಯದ ದರ ವರ್ಷದ ಅತ್ಯಧಿಕ ದರಕ್ಕಿಂತ ಶೇಕಡಾ ಐದಕ್ಕಿಂತ ಹೆಚ್ಚು ಕೆಳಗಿಲ್ಲ ತಾನೆ? ಇವತ್ತಿನ ವಾಲ್ಯೂಮ್ ಹಿಂದಿನ ಐವತ್ತು ದಿನಗಳ ಸರಾಸರಿಯ ಮೂರು ಪಟ್ಟಾದರೂ ಇದೆಯೇ? ಎರಡಕ್ಕೂ ಹೌದು ಎಂದರೆ ಅದರ ಚಾರ್ಟ್ ಬಿಡಿಸಿಡುತ್ತದೆ. ಮೇಲೆ ದರ, ಕೆಳಗೆ ವಾಲ್ಯೂಮಿನ ಕಂಬಗಳು, ಬಲಗಡೆಯ ಅಂಚಿನಲ್ಲಿ ದರದ ಅಂಕಿಗಳು. ತೀರ ಕಡಿಮೆ ವಹಿವಾಟಿನ ಷೇರುಗಳನ್ನು ಮೊದಲೇ ಬಿಟ್ಟುಬಿಡುತ್ತದೆ. ಅವುಗಳಲ್ಲಿ ಒಬ್ಬರು ಸೀನಿದರೂ ವಾಲ್ಯೂಮ್ ಮೂರು ಪಟ್ಟಾಗುತ್ತದೆ.

ಮೊದಮೊದಲು ತಪ್ಪುಗಳಾದವು. ಸರಾಸರಿಯೊಳಗೆ ಇವತ್ತಿನ ವಾಲ್ಯೂಮನ್ನೂ ಸೇರಿಸಿದ್ದೆ. ಜಿಗಿದ ದಿನವೇ ತನ್ನ ಸರಾಸರಿಯನ್ನು ಎತ್ತಿ, ತನ್ನ ಜಿಗಿತವನ್ನು ತಾನೇ ಸಣ್ಣದು ಮಾಡಿಕೊಳ್ಳುತ್ತಿತ್ತು. ಇನ್ನೊಮ್ಮೆ ಕಾಕಾ, "ನನ್ನ ಪಂಪಿನ ಕಂಪನಿ ಎಲ್ಲಿ ಹೋತು? ನಿನ್ನೆ ಛಂದ ಎದ್ದದ, ನಿನ್ನ ಪಟ್ಟಿಯೊಳಗ ಇಲ್ಲ" ಎಂದು ಕೇಳಿದರು. ಹುಡುಕಿದರೆ, ಆ ಕಂಪನಿ ಒಂದು ಷೇರಿಗೆ ಇನ್ನೊಂದನ್ನು ಬೋನಸ್ ಆಗಿ ಕೊಟ್ಟು ಷೇರಿನ ದರ ಅರ್ಧವಾಗಿತ್ತು. ನನ್ನ ಪ್ರೋಗ್ರಾಂ ಹಳೆಯ ದರವನ್ನೇ ವರ್ಷದ ತುದಿ ಎಂದು ಹಿಡಿದುಕೊಂಡು ಕುಳಿತಿತ್ತು. ಹಳೆಯ ದರಗಳನ್ನು ಅರ್ಧಕ್ಕಿಳಿಸಿ, ಹಳೆಯ ವಾಲ್ಯೂಮನ್ನು ಎರಡರಷ್ಟು ಮಾಡಿದ ಮೇಲೆ ಪಂಪು ಮರಳಿ ಬಂತು. ಆ ದಿನ ಕಾಕುಗೆ ಹೇಳಿ ಶಿರಾ ಮಾಡಿಸಿದರು.

ಆಮೇಲೆ ಶನಿವಾರಗಳು ಬಂದವು. ಶನಿವಾರ ಪೇಟೆ ಇಲ್ಲ, ನನಗೂ ಆಫೀಸು ಇಲ್ಲ. ತಿಂಡಿಯಾದ ಮೇಲೆ ಅವರ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಡುತ್ತಿದ್ದೆ. ಕಾಕಾ ನಟ್ಟನಡುವೆ, ನಾನು ಅವರ ಬಲಕ್ಕೆ ಮೌಸ್ ಹಿಡಿದು. ಸ್ಕ್ಯಾನರ್ ಇಪ್ಪತ್ತು-ಇಪ್ಪತ್ತೈದು ಷೇರು ಆರಿಸಿ ಕೊಟ್ಟಿರುತ್ತಿತ್ತು. ಅಲ್ಲಿಂದ ಮುಂದಿನದು ಕಾಕಾರ ಕಣ್ಣಿನ ಕೆಲಸ. ಒಂದೊಂದಕ್ಕೂ ತೀರ್ಪು ಎರಡೇ ಮಾತು: "ಇಡು", ಇಲ್ಲವೆ "ತಗಿ". ಕಾರಣ ಕೇಳಿದರೆ ಸಿಗುತ್ತಿತ್ತು. ಆಗಲೇ ಬಹಳ ಏರಿಬಿಟ್ಟದ್ದಕ್ಕೆ, "ಓಡಿ ಓಡಿ ದಣದದ ಪಾಪ." ದಿನದ ನಡುವೆ ಮೇಲಕ್ಕೆ ಹೋಗಿ, ಸಂಜೆಗೆ ಕೆಳಗಿಳಿದು ಮುಗಿದದ್ದಕ್ಕೆ, "ತಲೀ ಮ್ಯಾಲ ಜುಟ್ಟು ಬಿಟ್ಟದ, ಮ್ಯಾಲೆ ಹೋದಾಗ ಯಾರೋ ಮಾರ್ಯಾರ." ಅವರಿಗೆ ಇಷ್ಟವಾಗುತ್ತಿದ್ದದ್ದು ವಾರಗಟ್ಟಲೆ ಒಂದೇ ಮಟ್ಟದಲ್ಲಿ ಸುಮ್ಮನಿದ್ದು, ವಾಲ್ಯೂಮ್ ಒಣಗಿ, ಆಮೇಲೆ ಒಂದು ದಿನ ದೊಡ್ಡ ಕಂಬದೊಂದಿಗೆ ಎದ್ದು, ಎದ್ದ ಎತ್ತರದಲ್ಲೇ ಮುಗಿದ ಷೇರು. ಕಂಬ ಮೂರು ಪಟ್ಟನ್ನು ಮುಟ್ಟಿದ್ದರೂ ಅಷ್ಟು ಗಿರಾಕಿ ಸಾಲದು ಎನಿಸಿದ್ದಕ್ಕೆ ಒಂದೇ ಮಾತು: "ಬಲ ಇಲ್ಲ."

ಇವನ್ನೆಲ್ಲ ಪ್ರೋಗ್ರಾಮಿಗೆ ಸೇರಿಸಲು ನೋಡಿದೆ. ಜುಟ್ಟನ್ನು ಅಳೆಯಬಹುದು, ದಣಿವನ್ನೂ ಸುಮಾರಾಗಿ ಅಳೆಯಬಹುದು. ಕಾಕಾ, "ಎಲ್ಲಾ ಅದಕ್ಕೇ ಕಲಿಸಿದಿ ಅಂದ್ರ ಶನಿವಾರ ನಾ ಏನ ಮಾಡಲಿ?" ಎಂದರು. ಹಾಗಾಗಿ ಅಲ್ಲಿಗೇ ನಿಲ್ಲಿಸಿದೆ. ಸ್ಕ್ಯಾನರ್ ಸರಳವಾಗಿಯೇ ಉಳಿಯಿತು.

ಆ ಶನಿವಾರ ಮಳೆ ಬಿಟ್ಟು ಬಿಸಿಲು ಬಂದಿತ್ತು. ಮೊದಲ ಚಾರ್ಟಿಗೆ ಕಾಕಾ, "ತಗಿ. ಬಲ ಇಲ್ಲ" ಎಂದರು. ಎರಡನೆಯದಕ್ಕೂ ಅದೇ. ಮೂರನೆಯದು ಬಂದಾಗ, "ದರ ಯಾಕ ಹಾಕಿಲ್ಲ ಇವತ್ತ?" ಎಂದು ಕೇಳಿದರು. ದರ ಇತ್ತು, ಬಲಗಡೆಯ ಅಂಚಿನಲ್ಲಿ, ಯಾವಾಗಲೂ ಇರುವ ಜಾಗದಲ್ಲೇ. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಮುಂದೆ ಹೋದೆವು. ತಗಿ. ತಗಿ. ಬಲ ಇಲ್ಲ. ಇದೂ ಮಲಗೇದ.

"ಕಾಕಾ, ಇವತ್ತು ಒಂದೂ ಇಷ್ಟ ಆಗ್ತಿಲ್ವಾ?"

"ನಿನ್ನ ಮಷೀನ್‌ಗೆ ಏನೋ ಆಗೇದ. ಎಲ್ಲಾ ಮಲಗಿದ್ದ ಷೇರ ಹೊತ್ಕೊಂಡು ಬಂದದ."

ನನಗೂ ಹಾಗೇ ಅನ್ನಿಸಿತು. ಸರಾಸರಿಯ ಸಾಲನ್ನು ತೆಗೆದು ನೋಡಿದೆ, ಸರಿಯಿತ್ತು. ಶುಕ್ರವಾರದ ಫೈಲು ಶುಕ್ರವಾರದ್ದೇ. ಹೋದ ವಾರದಿಂದ ಒಂದಕ್ಷರವನ್ನೂ ಬದಲಿಸಿರಲಿಲ್ಲ. ಆಗ ಒಂದು ಸರಳ ವಿಷಯ ಹೊಳೆಯಿತು: ಮೂರು ಪಟ್ಟು ವಾಲ್ಯೂಮ್ ಇಲ್ಲದ ಷೇರು ಈ ಪಟ್ಟಿಗೆ ಬರಲು ಸಾಧ್ಯವೇ ಇಲ್ಲ. ಯಾವ ಚಾರ್ಟನ್ನಾದರೂ ಕಾಕಾ ಬೇಡವೆನ್ನಬಹುದು, ಕಂಬವೇ ಇಲ್ಲ ಎನ್ನುವ ಹಾಗಿಲ್ಲ.

"ನೋಡಿ, ಇದರಲ್ಲಿ ನಾಲ್ಕು ಪಟ್ಟು ವಾಲ್ಯೂಮ್ ಇದೆ," ಎಂದೆ.

"ಎಲ್ಲಿ ಅದ? ತೋರ್ಸು."

ಚಾರ್ಟಿನ ಬಲ ತುದಿಯಲ್ಲಿದ್ದ ಎತ್ತರದ ಕಂಬದ ಮೇಲೆ ಬೆರಳಿಟ್ಟೆ. ಕಾಕಾ ಪರದೆಯನ್ನೇ ನೋಡುತ್ತಿದ್ದರು. ಕಣ್ಣು ಚಾರ್ಟಿನ ನಡುವೆ ನಿಂತಿತ್ತು.

"ಬೆರಳ ಇಡು ಅಂದ್ನಿ."

"ಇಟ್ಟಿದ್ದೀನಿ ಕಾಕಾ."

"ಎಲ್ಲಿ?"

ನನ್ನ ಬೆರಳು ಪರದೆಗೆ ತಗುಲಿಯೇ ಇತ್ತು. ಕಾಕಾ ತಲೆಯನ್ನು ಸ್ವಲ್ಪ ಹೊರಳಿಸಿದರು. ಬೆರಳು ಎಲ್ಲಿಂದಲೋ ಹಾರಿ ಬಂದಂತೆ ಬೆಚ್ಚಿ ಹಿಂದೆ ಸರಿದರು. "ಹಾಂ, ಅದ ಅದ," ಎಂದು ನಕ್ಕರು. "ಚಷ್ಮಾ ಹೊಲಸಾಗೇದ." ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು.

ಅಡುಗೆಮನೆಯಿಂದ ಕಾಕು ಹೊರಗೆ ಬಂದರು. "ನಿನ್ನೆ ಮುಂಜಾನಿಂದ ಹಿಂಗ ನಡದದ ನೋಡವಾ. ಚಹಾದ ಕಪ್ಪು ಕೆಡವಿದ್ರು. ಬಾಗಲಾ ಬಡದು ಭುಜಾ ನೀಲಿ ಮಾಡ್ಕೊಂಡಾರ. ಸೋಮವಾರ ಚಷ್ಮಾದ ಅಂಗಡಿಗೆ ಹೋಗೂಣು ಅಂದಾರ."

"ಯಾವ ಭುಜ ಕಾಕು?"

ಕಾಕು ತಮ್ಮ ಬಲ ಭುಜವನ್ನು ಮುಟ್ಟಿ ತೋರಿಸಿದರು.

ಆಗ ನಾನು ಮಾಡಿದ್ದು ಕೆಲಸದಲ್ಲಿ ಪ್ರೋಗ್ರಾಂ ಕೆಟ್ಟಾಗ ಮಾಡುವುದನ್ನೇ. ಒಂದೇ ಒಂದು ಸಂಗತಿಯನ್ನು ಬದಲಿಸಿ, ಉಳಿದದ್ದೆಲ್ಲವನ್ನೂ ಇದ್ದ ಹಾಗೇ ಬಿಡುವುದು. ಚಾರ್ಟಿನ ದಿನಗಳನ್ನು ತಿರುಗಿಸಿದೆ: ಶುಕ್ರವಾರ ಎಡ ತುದಿಗೆ, ಹೋದ ವರ್ಷ ಬಲ ತುದಿಗೆ. ಅದಕ್ಕೆ ಒಂದು ಸಾಲು ಸಾಕು. ಕಂಪನಿಯ ಹೆಸರನ್ನು ಅಳಿಸಿ, ಅವರು ಅದೇ ತಾನೇ ತಗಿ ಎಂದಿದ್ದ ಷೇರನ್ನೇ ಮತ್ತೆ ತೋರಿಸಿದೆ.

ಕಾಕಾ ಮುಂದಕ್ಕೆ ಬಾಗಿದರು. ಮುಖ ಅರಳಿತು.

"ಇದು ನೋಡು! ಇಷ್ಟೊತ್ತು ಎಲ್ಲಿ ಮುಚ್ಚಿಟ್ಟಿದ್ದಿ ಇದನ್ನ? ಎಂಥಾ ಕಂಬ ಅದ! ಇಡು, ಇಡು."

ಅದು ಅದೇ ಷೇರು ಎಂದು ಹೇಳಲೇಬೇಕಾಯಿತು. ಹೇಳಿದೆ. ಅವರು ಚಾರ್ಟನ್ನು ನೋಡಿದರು, ನನ್ನನ್ನು ನೋಡಿದರು. ನನ್ನನ್ನು ನೋಡಲು ಇಡೀ ಕತ್ತನ್ನು ತಿರುಗಿಸಿದ್ದನ್ನು ಆಗ ಗಮನಿಸಿದೆ. ಒಂದೊಂದೇ ಕಣ್ಣು ಮುಚ್ಚಿ ನನ್ನ ಮೂಗನ್ನು ನೋಡಿ ಎಂದು ಕೇಳಿಕೊಂಡೆ. ಎದುರಿಗೆ ನಿಂತು ಎರಡೂ ಕೈಗಳನ್ನು ಅಗಲಿಸಿ ಬೆರಳು ಆಡಿಸಿದೆ. ಬಲಗಣ್ಣು ಮುಚ್ಚಿದರೂ ಅವರ ಬಲಕ್ಕಿದ್ದ ಕೈ ಕಾಣಲಿಲ್ಲ, ಎಡಗಣ್ಣು ಮುಚ್ಚಿದರೂ ಕಾಣಲಿಲ್ಲ. ಎರಡು ಕಣ್ಣುಗಳೂ ಒಂದೇ ದಿನ ಒಂದೇ ಬದಿಯನ್ನು ಕಳೆದುಕೊಳ್ಳುವುದು ಕಣ್ಣಿನ ತಪ್ಪಿರಲಾರದು ಎನ್ನಿಸಿತು. ವೈದ್ಯಕೀಯ ನನಗೆ ಗೊತ್ತಿಲ್ಲ. ತಪ್ಪು ಎರಡು ಕಡೆ ಒಂದೇ ರೀತಿ ಕಂಡರೆ ಅದು ಹಿಂದೆ, ಎರಡೂ ಸೇರುವ ಕಡೆ ಇರುತ್ತದೆ ಎಂಬುದು ಮಾತ್ರ ಗೊತ್ತು. ಕಣ್ಣಿನ ಹಿಂದೆ ಇರುವುದು ಮಿದುಳು.

"ಕಾಕಾ, ಈಗಲೇ ಆಸ್ಪತ್ರೆಗೆ ಹೋಗೋಣ."

"ಊಟ ಮಾಡಿ ಹೋಗೂಣು. ಜ್ವಾಳದ ರೊಟ್ಟಿ ಮಾಡಾಕತ್ತಾಳ."

"ಸ್ಕ್ಯಾನರ್ ಕೆಟ್ಟಿದ್ರೆ ಊಟ ಮಾಡಿ ರಿಪೇರಿ ಮಾಡ್ತಿದ್ದೆ. ಅದು ಸರಿ ಇದೆ ಕಾಕಾ. ಅದು ಸರಿ ಇದೆ."

ಕಾಕು ಒಳಗೆ ಹೋಗಿ ಒಲೆ ಆರಿಸಿದರು. ಆ ಸದ್ದಿಗೆ ಕಾಕಾ ಎದ್ದರು.

ಬಾಗಿಲಲ್ಲಿ ಒಂದು ಚಪ್ಪಲಿ ಮೆಟ್ಟಿಕೊಂಡು ಇನ್ನೊಂದನ್ನು ಹುಡುಕುತ್ತ ನಿಂತರು. ಅದು ಬಲಕ್ಕೆ, ಒಂದು ಗೇಣು ಆಚೆ ಬಿದ್ದಿತ್ತು. ನಾನು ಬಗ್ಗುವ ಮೊದಲೇ ಕಾಕು ಅದನ್ನು ಕಾಲಿನಿಂದ ಮೆಲ್ಲಗೆ ಎಡಕ್ಕೆ ಸರಿಸಿದರು. "ಇಲ್ಲೇ ಇತ್ತು ನೋಡ್ರಿ," ಎಂದರು. ಗಂಡ ಹೆಂಡತಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ರಿಕ್ಷಾದಲ್ಲಿ ಕಾಕು ನಡುವೆ ಕುಳಿತು ಕಾಕಾರ ಬಲಗೈ ಹಿಡಿದಿದ್ದರು. ಆಸ್ಪತ್ರೆಯ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಕಾಕಾ, ಮಾಝ್ಯಾ ನಾಕಾಕಡೆ ಬಘಾ," ಎಂದು ಮರಾಠಿಯಲ್ಲಿ ತನ್ನ ಮೂಗಿನ ಕಡೆ ನೋಡಲು ಹೇಳಿ, ಎರಡೂ ಕೈ ಅಗಲಿಸಿ ಬೆರಳು ಆಡಿಸಿದಳು. ನಾನು ಮನೆಯಲ್ಲಿ ಮಾಡಿದ್ದೂ ಅದನ್ನೇ. ಅವಳ ಬೆರಳುಗಳನ್ನು ನೋಡಲಾಗದೆ ನಾನು ಗೋಡೆ ನೋಡಿದೆ.

ಸ್ಕ್ಯಾನ್ ಆಯಿತು. ಮಿದುಳಿನ ಎಡಭಾಗದ ಹಿಂದೆ, ನೋಟವನ್ನು ಕೂಡಿಸುವ ಜಾಗಕ್ಕೆ ಹೋಗುವ ಸಣ್ಣ ರಕ್ತನಾಳವೊಂದು ಕಟ್ಟಿಕೊಂಡಿತ್ತು. ಎಡ ಮಿದುಳು ನೋಡುವುದು ಬಲಗಡೆಯನ್ನು. ಹೃದಯದ ಬಡಿತವೂ ತಾಳ ತಪ್ಪಿತ್ತು. ಅಲ್ಲಿ ಹೆಪ್ಪುಗಟ್ಟಿದ ರಕ್ತದ ತುಣುಕು ಮೇಲೆ ಹೋಗಿರಬೇಕು ಎಂದಳು ಡಾಕ್ಟರ್. ಆದದ್ದು ಆಗಿದೆ, ಹೋದ ನೋಟ ಎಷ್ಟು ಮರಳುತ್ತದೋ ಹೇಳಲಾಗದು. ಆದರೆ ಇಂಥದ್ದರ ಬೆನ್ನಿಗೆ ಇನ್ನೊಂದು, ದೊಡ್ಡದು ಬರಬಹುದಿತ್ತು. ಅದನ್ನು ತಡೆಯಲು ಔಷಧಿ ಇದೆ. ಸೋಮವಾರದವರೆಗೆ ಕಾಯದೆ ಬಂದದ್ದು ಒಳ್ಳೆಯದಾಯಿತು. ನೋವಿಲ್ಲ, ಕೈಕಾಲು ಸರಿಯಿವೆ, ಮಾತು ಸರಿಯಿದೆ, ಮತ್ತೆ ನಿಮಗೆ ಹೇಗೆ ತಿಳಿಯಿತು ಎಂದು ಕೇಳಿದಳು.

ಕಾಕಾ ಮಂಚದ ಮೇಲಿನಿಂದಲೇ ನನ್ನ ದಿಕ್ಕಿಗೆ ಅಂದಾಜಿನಲ್ಲಿ ಕೈ ಮಾಡಿ, ಮರಾಠಿಯಲ್ಲಿ, ಷೇರು ಹುಡುಕಲು ಇವಳು ಒಂದು ಮಷೀನ್ ಮಾಡಿದ್ದಳು, ಅದು ನನ್ನನ್ನೇ ಹುಡುಕಿತು ಎಂದರು. ಡಾಕ್ಟರ್ ನಕ್ಕಳು. ಕಾಕು ನಗಲಿಲ್ಲ, ಸೆರಗಿನಿಂದ ಮೂಗು ಒರೆಸಿಕೊಂಡು, "ಇಲ್ಲಿ ಬಂದ್ರೂ ಷೇರ ಬಿಡಂಗಿಲ್ಲ," ಎಂದರು.

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಳಿತಾಗ ಅವರ ಮಾತು ಕಿವಿಗೆ ಮತ್ತೆ ಬಂತು. ತಗಿ. ಬಲ ಇಲ್ಲ. ಕಾಕಾ ಹೇಳಿದ್ದು ಕಸುವಿನ ಮಾತು, ಎಂದಿನ ಹಾಗೆ. ಆದರೆ ಒಂದೊಂದು ಚಾರ್ಟಿಗೂ ಅವರು ಇದ್ದದ್ದನ್ನು ಇದ್ದ ಹಾಗೆಯೇ ಹೇಳುತ್ತಿದ್ದರು. ಬಲ ಇರಲಿಲ್ಲ. ಅವರ ಪಾಲಿಗೆ ಚಾರ್ಟ್ ನಡುವಿಗೇ ಮುಗಿಯುತ್ತಿತ್ತು, ಅದಕ್ಕೆ ಅಂಚಿರಲಿಲ್ಲ, ಕಪ್ಪು ಪರದೆಯೂ ಇರಲಿಲ್ಲ. ಇಲ್ಲದ್ದು ಇಲ್ಲ ಎಂದು ಕಾಣುವುದೂ ಇಲ್ಲವಂತೆ. ಡಾಕ್ಟರ್ ಹಾಗೆಂದಳು.

ಮನೆಗೆ ಬಂದ ಮೇಲೆ ಕಾಕಾ ಪೇಪರ್ ಓದಲು ಹೋದರೆ ಸಾಲು ಅರ್ಧಕ್ಕೇ ಮುಗಿದು, ಮುಂದಿನ ಸಾಲಿಗೆ ಇಳಿದು ಅರ್ಥ ಕೆಡುತ್ತಿತ್ತು. ಮಡಿಸಿ ಇಟ್ಟುಬಿಡುತ್ತಿದ್ದರು. ಫೋನು ಕಿಟಕಿಯ ಮೇಲೆ ಬಿದ್ದಿರುತ್ತಿತ್ತು. ಚಾರ್ಟ್ ನೋಡಿ ಕಣ್ಣು ಹಾಳು ಎನ್ನುತ್ತಿದ್ದ ಕಾಕುವೇ ಒಂದು ದಿನ ಮೆಟ್ಟಿಲು ಹತ್ತಿ ಮೇಲೆ ಬಂದರು. "ಬರೋ ಶನಿವಾರ ಅದನ್ನ ತಗೊಂಡು ಬಾರವಾ. ಅವರು ಬ್ಯಾಡ ಅಂತಾರ. ಆದ್ರೂ ಬಾ."

ಆಸ್ಪತ್ರೆಯಲ್ಲಿ ತರಬೇತಿ ಕೊಡುವವರು ಒಂದು ಉಪಾಯ ಹೇಳಿಕೊಟ್ಟಿದ್ದರು. ಓದುವ ಕಾಗದದ ಬಲ ಅಂಚಿಗೆ ಕೆಂಪು ಪಟ್ಟಿ ಅಂಟಿಸುವುದು. ಪ್ರತಿ ಸಾಲಿನಲ್ಲೂ ಆ ಕೆಂಪು ಸಿಗುವ ತನಕ ಕಣ್ಣನ್ನು ತಳ್ಳಿಕೊಂಡು ಹೋಗಬೇಕು. ಕೆಂಪು ಕಾಣದಿದ್ದರೆ ಸಾಲು ಮುಗಿದಿಲ್ಲ ಎಂದು ತಿಳಿಯಬೇಕು. ಕಾಕು ಅಂಗಡಿಯ ಕಾಲದ ಕೆಂಪು ವೈರ್ ಟೇಪನ್ನು ಹುಡುಕಿ ತೆಗೆದು ಬಾಗಿಲ ಚೌಕಟ್ಟಿನ ಬಲಕ್ಕೆ, ಊಟದ ಮೇಜಿನ ಬಲ ಅಂಚಿಗೆ, ಕೊನೆಗೆ ಚಪ್ಪಲಿಯ ಗೂಡಿಗೂ ಹಚ್ಚಿದ್ದರು. ನಾನು ಚಾರ್ಟಿನಲ್ಲಿ ಕೊನೆಯ ದಿನದ ಪಕ್ಕದಲ್ಲೇ, ಮೇಲಿನಿಂದ ಕೆಳಗಿನ ತನಕ ಒಂದು ದಪ್ಪ ಕೆಂಪು ಗೆರೆ ಎಳೆಯುವ ಹಾಗೆ ಬರೆದೆ. ದಿನಗಳನ್ನು ತಿರುಗಿಸುವ ಸಾಲನ್ನು ಅಳಿಸಿದೆ. ಅದು ಸುಲಭದ ದಾರಿ. ಆದರೆ ತಿರುಗಿದ ಚಾರ್ಟನ್ನು ಜಗತ್ತಿನಲ್ಲಿ ಬೇರೆ ಯಾರೂ ಅವರಿಗೆ ತೋರಿಸುವುದಿಲ್ಲ.

ಶನಿವಾರ ಲ್ಯಾಪ್‌ಟಾಪ್ ಇಟ್ಟು, ಈ ಸಲ ಅವರಿಗೆ ಕಾಣಲಿ ಎಂದು ಕುರ್ಚಿಯನ್ನು ಎಡಕ್ಕೆ ಎಳೆದುಕೊಂಡೆ.

"ಅಲ್ಲಿ ಯಾಕ ಕುಂತಿ?"

"ಇಲ್ಲಿದ್ರೆ ನಿಮಗೆ ಕಾಣ್ತೀನಿ ಕಾಕಾ."

"ಬ್ಯಾಡ. ಆ ಕಡೇನ ಕೂಡು, ಮೊದಲಿನಂಗ." ಸ್ವಲ್ಪ ಹೊತ್ತು ಮೇಜಿನ ಕೆಂಪು ಟೇಪನ್ನು ಬೆರಳಿನಿಂದ ಸವರುತ್ತಿದ್ದರು. "ಆ ಕಡೆ ತಿರುಗಾಕ ನಂಗ ಒಂದು ಕಾರಣ ಬೇಕವಾ. ಬರೇ ಟೇಪಿನ ಸಲುವಾಗಿ ಯಾರು ತಿರುಗ್ತಾರ?"

ಕುರ್ಚಿಯನ್ನು ಬಲಕ್ಕೆ ತಂದೆ.

ಮೊದಲ ಚಾರ್ಟ್ ಬಂತು. ಕಾಕಾರ ಕಣ್ಣು ನಡುವೆ ನಿಂತಿತು. ಬಾಯಿ ಹಳೆಯ ಅಭ್ಯಾಸದಿಂದ "ತಗಿ" ಎನ್ನಲು ತೆರೆಯಿತು, ಮುಚ್ಚಿತು. ಆಮೇಲೆ ಗಲ್ಲ ಬಲಕ್ಕೆ ಸರಿಯತೊಡಗಿತು. ಕತ್ತಲ ಕೋಣೆಯಲ್ಲಿ ಗೋಡೆ ತಡಕುವವರ ಹಾಗೆ, ಒಂದೊಂದು ತಿಂಗಳು ದಾಟಿಕೊಂಡು ಬಂದರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತ್ತು; ಕಾಕು ಬಾಗಿಲಲ್ಲಿ ಹಿಟ್ಟಿನ ಕೈ ಹಿಡಿದು ನಿಂತಿದ್ದರು.

"ಸಿಕ್ತು ಕೆಂಪು," ಎಂದರು ಕಾಕಾ.

ಗೆರೆಯಿಂದ ಒಂದು ಹೆಜ್ಜೆ ಹಿಂದಕ್ಕೆ ಬಂದು ಕೊನೆಯ ಕಂಬವನ್ನು ನೋಡಿದರು. ಬಹಳ ಹೊತ್ತು ನೋಡಿದರು. ಕಂಬ ಎತ್ತರವಾಗೇ ಇತ್ತು, ಮೂರು ಪಟ್ಟಿಗಿಂತ ಹೆಚ್ಚು. ಮೇಲೆ ದರದ ತಲೆಯಲ್ಲಿ ಉದ್ದ ಜುಟ್ಟು.

"ತಗಿ," ಎಂದರು. "ಬಲ ಅದ. ಆದ್ರ ಮ್ಯಾಲೆ ಹೋದಾಗ ಯಾರೋ ಮಾರ್ಯಾರ."

ನಾನು ಅದನ್ನು ತೆಗೆದೆ. ಒಳಗೆ ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು. ಕಾಕಾ ನಾನಿದ್ದ ಕಡೆಗೆ ಕತ್ತು ತಿರುಗಿಸಿ, ನಾನು ಸಿಗುವ ತನಕ ತಿರುಗಿಸಿ, "ಮುಂದಿಂದು ಹಾಕು ಮಗಳ," ಎಂದರು.